ಒಂದು ‘ವಿವರಿಸಿ’, ಎರಡು ಪ್ರಶ್ನೆ

ಕಳೆದ ಸೆಮಿಸ್ಟರಿನ ಒಂದು ಶನಿವಾರ. ಮಧ್ಯಾಹ್ನದ ಹೊತ್ತಿಗೆ ಕಾಲೇಜು ಖಾಲಿಯಾಗಿತ್ತು. ರಾಯಚೂರಿನ ಆ ಬಿಸಿಲಲ್ಲಿ ಮನೆಗೆ ಹೊರಡೋಕೆ ಮನಸ್ಸಾಗದೆ ನಾನು ಲ್ಯಾಬಿನಲ್ಲೇ ಕೂತಿದ್ದೆ. ಬಿಎಸ್ಸಿ ಮೊದಲ ವರ್ಷದ ಹುಡುಗಿಯೊಬ್ಬಳು ಇಂಟರ್ನಲ್ ಟೆಸ್ಟಿನ ಪೇಪರ್ ಹಿಡಿದು ಬಂದಳು. ಜೀವಕೋಶದ ಪ್ರಶ್ನೆಯಲ್ಲಿ ಎಂಟಕ್ಕೆ ಎರಡು ಅಂಕ.

“ಮೇಡಂ, ನಾ ಬರ್ದಿದ್ದೆಲ್ಲಾ ಸರಿ ಐತ್ರಿ. ತಪ್ಪು ಎಲ್ಲೈತಿ ತೋರಿಸ್ರಿ” ಅಂದಳು. ಕಣ್ಣಲ್ಲಿ ನೀರು ನಿಂತಿತ್ತು.

ಓದಿದೆ. ನಿಜವಾಗಿಯೂ ತಪ್ಪು ಇರಲಿಲ್ಲ. ಪ್ರಶ್ನೆ ಹೀಗಿತ್ತು: ಗಟ್ಟಿ ಉಪ್ಪುನೀರಿಗೆ ಹಾಕಿದ ಉಳ್ಳಾಗಡ್ಡಿ ಜೀವಕೋಶದಲ್ಲಿ ಕಾಣುವ ಬದಲಾವಣೆ ‘ಡಿಸ್ಕ್ರೈಬ್’ ಮಾಡಿ, ಎರಡು ಅಂಕ. ಆ ಬದಲಾವಣೆಯನ್ನು ‘ಎಕ್ಸ್‌ಪ್ಲೇನ್’ ಮಾಡಿ, ಮೂರು ಅಂಕ. ಅದೇ ನೀರಿನಲ್ಲಿ ಕೆಂಪು ರಕ್ತಕಣಕ್ಕೆ ಆಗುವುದರ ಜೊತೆ ‘ಕಂಪೇರ್’ ಮಾಡಿ, ಮೂರು ಅಂಕ.

ಮೊದಲೆರಡಕ್ಕೂ ಅವಳು ಬರೆದದ್ದು ಒಂದೇ ಮಾತು: ಆಸ್ಮೋಸಿಸ್‌ನಿಂದ ನೀರು ಹೊರಗೆ ಹೋಗುತ್ತದೆ, ಪ್ಲಾಸ್ಮಾಲಿಸಿಸ್ ಆಗುತ್ತದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಡಿಸ್ಕ್ರೈಬ್ ಅಂದರೂ ವಿವರಿಸಿ, ಎಕ್ಸ್‌ಪ್ಲೇನ್ ಅಂದರೂ ವಿವರಿಸಿ. ನಮ್ಮಲ್ಲಿ ಎರಡಕ್ಕೂ ಒಂದೇ ಪದ ಬಳಸಿಬಿಡುತ್ತೇವೆ, ಅಲ್ವಾ? ಮಕ್ಕಳು ಎಡವೋದು ಅಲ್ಲೇ.

ಬಾಯಿಮಾತಲ್ಲಿ ಹೇಳಿದರೆ ಆಗಲ್ಲ ಅನ್ನಿಸಿತು. ಕೆಂಪು ಉಳ್ಳಾಗಡ್ಡಿಯ ಒಂದು ಎಸಳು ತೆಗೆದು, ಅದರ ಹೊರಮೈಯ ತೆಳು ನೇರಳೆ ಸಿಪ್ಪೆಯನ್ನು ಚಿಮಟದಿಂದ ಸುಲಿದೆ. ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಸಿಪ್ಪೆ, ಮೇಲೆ ಕವರ್ ಸ್ಲಿಪ್. ಆಮೇಲೆ 100 ಮಿ.ಲೀ. ದ್ರಾವಣದಲ್ಲಿ 10 ಗ್ರಾಂ ಉಪ್ಪು ಇರುವಂತೆ ಮಾಡಿಕೊಂಡು, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಹನಿ ಬಿಟ್ಟೆ. ಎದುರು ಅಂಚಿಗೆ ಫಿಲ್ಟರ್ ಪೇಪರ್ ಇಟ್ಟಾಗ ನೀರು ಆ ಕಡೆ ಎಳೆದುಕೊಂಡಿತು, ಉಪ್ಪುನೀರು ಒಳಗೆ ಹರಿಯಿತು.

“ಈಗ ಕಣ್ಣಿಗೆ ಕಂಡಿದ್ದು ಅಷ್ಟೇ ಹೇಳು. ‘ಯಾಕಂದ್ರ’ ಅನ್ನೋ ಮಾತು ಬರಬಾರದು” ಅಂದೆ.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. “ನೇರಳೆ ಬಣ್ಣ ಮೂಲೆಯಿಂದ ಬಿಟ್ಟು ಒಳಗ ಸರಿಯಾಕತ್ತೈತ್ರಿ. ಗುಂಡಗ ಆಗಾಕತ್ತೈತಿ. ಬಣ್ಣ ಮೊದ್ಲಿಗಿಂತ ದಟ್ಟ ಆತು. ಹೊರಗಿನ ಗೋಡೆ ಮಾತ್ರ ಹಂಗೇ ಐತಿ.”

ಇದೇ ಡಿಸ್ಕ್ರೈಬ್. ಇದರಲ್ಲಿ ಎರಡು ಅಂಕ ಆರಾಮಾಗಿ ಬಂದವು: ಒಳಭಾಗ ಕುಗ್ಗಿ ಗೋಡೆಯಿಂದ ಬಿಟ್ಟುಕೊಂಡಿತು, ಗೋಡೆಯ ಆಕಾರ ಬದಲಾಗಲಿಲ್ಲ. ಟೆಸ್ಟಿನಲ್ಲಿ ಅವಳು ಕಾರಣ ಹೇಳಿದ್ದಳು, ಕಂಡದ್ದನ್ನು ಹೇಳಿರಲಿಲ್ಲ. ಅದಕ್ಕೇ ಸೊನ್ನೆ.

ಎಕ್ಸ್‌ಪ್ಲೇನ್‌ಗೆ ಬಂದಾಗ ‘ಯಾಕಂದ್ರೆ’ ಬೇಕೇ ಬೇಕು. ಅದೂ ಒಂದು ಸಲ ಸಾಲದು. ನೀರು ಹೊರಗೆ ಹೋಯಿತು ಅಂದಳು. ಯಾಕೆ? ಹೊರಗಿನ ಉಪ್ಪುನೀರಿನ ವಾಟರ್ ಪೊಟೆನ್ಶಿಯಲ್ ಕೋಶದ ಒಳಗಿನದಕ್ಕಿಂತ ಕಡಿಮೆ, ಅದು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನೀರು ಹೋಗುತ್ತದೆ. ಯಾವುದರ ಮೂಲಕ ಹೋಯಿತು? ಕೋಶದ ಪೊರೆಯ ಮೂಲಕ, ಅದು ನೀರನ್ನು ಬಿಟ್ಟಷ್ಟು ಸುಲಭವಾಗಿ ಉಪ್ಪನ್ನು ಬಿಡುವುದಿಲ್ಲ. ಹಾಗಾದರೆ ಗೋಡೆ ಯಾಕೆ ಕುಗ್ಗಲಿಲ್ಲ? ಸೆಲ್ಯುಲೋಸ್ ಗೋಡೆ ಗಟ್ಟಿ, ಪೊರೆ ಹಿಂದೆ ಸರಿದರೂ ಅದು ನಿಂತಲ್ಲೇ ನಿಲ್ಲುತ್ತದೆ. ಮೂರು ಕೊಂಡಿ, ಮೂರು ಅಂಕ. ಪ್ಲಾಸ್ಮಾಲಿಸಿಸ್ ಅನ್ನುವುದು ಆದದ್ದಕ್ಕೆ ಇಟ್ಟ ಹೆಸರು, ಕಾರಣ ಅಲ್ಲ. ಜಾಸ್ತಿ ಮಕ್ಕಳು ಹೆಸರು ಬರೆದು ಕಾರಣ ಬರೆದೆ ಅಂದುಕೊಳ್ಳುತ್ತಾರೆ.

ಗೋಡೆಗೂ ಪೊರೆಗೂ ನಡುವಿನ ಜಾಗದಲ್ಲಿ ಏನಿದೆ ಅಂತ ಕೇಳಿದೆ. “ಗಾಳಿ” ಅಂದಳು. ಅಲ್ಲ, ಉಪ್ಪುನೀರು. ಗೋಡೆ ಉಪ್ಪನ್ನೂ ನೀರನ್ನೂ ತಡೆಯುವುದಿಲ್ಲ.

ಕಂಪೇರ್‌ನಲ್ಲಿ ಅವಳು ಉಳ್ಳಾಗಡ್ಡಿ ಬಗ್ಗೆ ಒಂದು ಪ್ಯಾರಾ, ರಕ್ತಕಣದ ಬಗ್ಗೆ ಇನ್ನೊಂದು ಪ್ಯಾರಾ ಬರೆದಿದ್ದಳು. ಒಂದರಲ್ಲಿ ಗೋಡೆಯ ಮಾತು, ಇನ್ನೊಂದರಲ್ಲಿ ಹಿಮೋಗ್ಲೋಬಿನ್ ಮಾತು. ಎರಡೂ ಎಲ್ಲೂ ಕೂಡಲಿಲ್ಲ. ಅಕ್ಕಿಯನ್ನು ಕಿಲೋದಲ್ಲಿ, ಬಟ್ಟೆಯನ್ನು ಮೀಟರಿನಲ್ಲಿ ಅಳೆದು ಯಾವುದು ಹೆಚ್ಚು ಅಂದಂತೆ. ಒಂದೇ ಅಳತೆಗೋಲು ಹಿಡಿದು ಒಂದೇ ವಾಕ್ಯದಲ್ಲಿ ಎರಡನ್ನೂ ತಾ ಅಂದೆ. ಹೀಗೆ ಬರೆದಳು: “ಎರಡರಿಂದಲೂ ಆಸ್ಮೋಸಿಸ್ ಮೂಲಕ ನೀರು ಹೊರಗೆ ಹೋಗುತ್ತದೆ. ಉಳ್ಳಾಗಡ್ಡಿ ಕೋಶದಲ್ಲಿ ಪೊರೆ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಆದರೆ ರಕ್ತಕಣಕ್ಕೆ ಬಿಟ್ಟುಕೊಳ್ಳಲು ಗೋಡೆಯೇ ಇಲ್ಲ. ಉಳ್ಳಾಗಡ್ಡಿ ಕೋಶದ ಹೊರ ಆಕಾರ ಉಳಿಯುತ್ತದೆ, ಆದರೆ ರಕ್ತಕಣ ಪೂರ್ತಿ ಸುಕ್ಕುಗಟ್ಟುತ್ತದೆ.” ಮೊದಲು ಸಾಮ್ಯ, ಆಮೇಲೆ ‘ಆದರೆ’ ಇರುವ ಎರಡು ವಾಕ್ಯ. ಮೂರಕ್ಕೆ ಮೂರು ಹಾಕಿದೆ.

ಒಂದು ತೊಡಕು ಉಳಿಯುತ್ತದೆ. ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಬರೀ ‘ವಿವರಿಸಿ’ ಅಂತಿದ್ದರೆ ಏನು ಮಾಡುವುದು? ಅದರ ಹಿಂದಿನ ಪದ ನೋಡಬೇಕು. ‘ರಚನೆಯನ್ನು’, ‘ಬದಲಾವಣೆಗಳನ್ನು’ ಅಂತಿದ್ದರೆ ಕಾಣುವುದನ್ನು ಬರೆಯಬೇಕು. ‘ಏಕೆ’, ‘ಹೇಗೆ’, ‘ಕಾರಣ’ ಇದ್ದರೆ ಕೊಂಡಿ ಜೋಡಿಸಬೇಕು.

ಹೊರಡುವ ಮುಂಚೆ ಅವಳೇ ಸ್ಲೈಡಿನ ಅಂಚಿಗೆ ಬರೀ ನೀರಿನ ಹನಿ ಬಿಟ್ಟು, ಎದುರಿಗೆ ಫಿಲ್ಟರ್ ಪೇಪರ್ ಹಿಡಿದಳು. ಒಂದೆರಡು ನಿಮಿಷದಲ್ಲಿ ಬಣ್ಣ ಮೆಲ್ಲಗೆ ಹರಡಿ ಮತ್ತೆ ಗೋಡೆ ಮುಟ್ಟಿತು. ನೋಟ್‌ಬುಕ್ಕಿನಲ್ಲಿ ಅಷ್ಟನ್ನೇ ಬರೆದಳು. ಕೆಳಗೊಂದು ಗೆರೆ ಎಳೆದಳು. ಗೆರೆಯ ಕೆಳಗಿನ ಸಾಲನ್ನು ‘ಯಾಕಂದ್ರೆ’ ಅಂತ ಶುರುಮಾಡಿದಳು.