ಮೂರು ಲೋಡು, ಹಲಸಿನ ಮರದವರೆಗೆ

ನಮ್ಮ ಮನೆ ಉಡುಪಿಯಿಂದ ಹಿರಿಯಡಕದ ಕಡೆ ಹೋಗುವಾಗ ಒಳಗೆ ಸಿಗುತ್ತದೆ. ಗೇಟಿನಿಂದ ಅಂಗಳದವರೆಗೆ ಕೆಂಪು ಮಣ್ಣಿನ ದಾರಿ. ಮಳೆಗಾಲದಲ್ಲಿ ಕಾರನ್ನು ರಸ್ತೆ ಬದಿಯಲ್ಲೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಬರುವುದು ನಮಗೆ ಎಷ್ಟೋ ವರ್ಷಗಳ ಅಭ್ಯಾಸ. ಈ ಸಲ ಪತ್ತನಾಜೆಗೆ ಮುಂಚೆ ದಾರಿಗೆ ಜಲ್ಲಿ ಹಾಸಿಯೇ ಬಿಡುವುದು ಎಂದು ತೀರ್ಮಾನಿಸಿದೆ. ಪತ್ತನಾಜೆ ಕಳೆದರೆ ಯಕ್ಷಗಾನ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಆಕಾಶವನ್ನು ನಂಬುವಂತಿಲ್ಲ.

ಮಾವ ಡಾಂಬರು ಹಾಕಿಸು ಎಂದರು. ಅದರ ಲೆಕ್ಕವನ್ನೂ ಮಾಡಿದ್ದೆ. ಒತ್ತಿದ ಮೇಲೆ ನಾಲ್ಕು ಸೆಂಟಿಮೀಟರ್ ದಪ್ಪ ಉಳಿಯಬೇಕಾದರೆ ನಮ್ಮ ದಾರಿಗೆ ಏಳು ಟನ್ನಿಗಿಂತ ತುಸು ಹೆಚ್ಚು ಬಿಸಿ ಮಿಶ್ರಣ ಬೇಕು. ಅಷ್ಟು ಸಣ್ಣ ಪ್ರಮಾಣವನ್ನು ದೂರದಿಂದ ತರಿಸಿದರೆ ಹಾಸುವ ಹೊತ್ತಿಗೆ ತಣ್ಣಗಾಗುತ್ತದೆ, ತಣಿದ ಡಾಂಬರು ಎಷ್ಟು ಉರುಳಿಸಿದರೂ ಒತ್ತಿಕೊಳ್ಳುವುದಿಲ್ಲ. ಹೇಗಿದ್ದರೂ ಅದರ ಕೆಳಗೆ ಗಟ್ಟಿ ತಳ ಬೇಕೇ ಬೇಕು. ಹಾಗಾಗಿ ಈ ವರ್ಷ ತಳವಷ್ಟೇ ಸಾಕು ಎಂದು ಮಾವನನ್ನು ಒಪ್ಪಿಸಿದೆ. ತಳಕ್ಕೆ ನಮ್ಮ ಕಡೆ ಎಲ್ಲರೂ ಬಳಸುವುದು ವೆಟ್ ಮಿಕ್ಸ್, ಅಂದರೆ ದೊಡ್ಡ ಜಲ್ಲಿ, ಸಣ್ಣ ಜಲ್ಲಿ, ಕಲ್ಲುಪುಡಿ ಎಲ್ಲವನ್ನೂ ನೀರಿನೊಂದಿಗೆ ಬೆರೆಸಿದ ಮಿಶ್ರಣ.

ಅಳತೆ ಸುಲಭವಿತ್ತು. ದಾರಿ 24 ಮೀಟರ್ ಉದ್ದ, 3 ಮೀಟರ್ ಅಗಲ, ಒಟ್ಟು 72 ಚದರ ಮೀಟರ್. ಗೇಟಿನ ಬಳಿ ಕಾರು ತಿರುಗಲೆಂದು ಎರಡು ಬದಿಗೂ ಒಂದೊಂದು ತ್ರಿಕೋನ ಅಗಲಿಸಿದ್ದೆವು. ಅವು ತಲಾ 3 ಚದರ ಮೀಟರ್. ಎಲ್ಲ ಸೇರಿ 78. ದಪ್ಪ 15 ಸೆಂಟಿಮೀಟರ್ ಎಂದುಕೊಂಡರೆ 11.7 ಘನ ಮೀಟರ್. ಜಲ್ಲಿ ಕೊಡುವವರು ಘನ ಅಡಿಯಲ್ಲಿ ಮಾತನಾಡುತ್ತಾರೆ, ಒಂದು ಘನ ಮೀಟರಿಗೆ 35.3 ಘನ ಅಡಿ. ಗುಣಿಸಿದಾಗ 413 ಬಂತು. ಅವರ ಆರು ಚಕ್ರದ ಟಿಪ್ಪರಿನ ಪೆಟ್ಟಿಗೆ ಒಳಗಿನಿಂದ 10 ಅಡಿ ಉದ್ದ, 5.6 ಅಡಿ ಅಗಲ, ಎರಡೂವರೆ ಅಡಿ ಎತ್ತರ, ಅಂದರೆ 140 ಘನ ಅಡಿ. ಮೂರು ಲೋಡಿಗೆ 420. ಏಳು ಘನ ಅಡಿ ಹೆಚ್ಚೇ ಬರುತ್ತದಲ್ಲ ಎಂದು ಹಿಗ್ಗಿ ಫೋನಿನಲ್ಲೇ ಮೂರು ಲೋಡು ಹೇಳಿದೆ. ಕೊಡುವವರು ಮರುಮಾತಿಲ್ಲದೆ ಕಳಿಸಿದರು. ಅವರು ಕೇಳಬೇಕಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ, ಆದರೆ ದಿನಕ್ಕೆ ಇಪ್ಪತ್ತು ಫೋನು ಬರುವವರಿಗೆ ನನ್ನ ದಾರಿಯ ದಪ್ಪ ಯಾಕೆ ಬೇಕು?

ಮರುದಿನ ಬೆಳಿಗ್ಗೆ ಒಂದು ಟನ್ನಿನ ಚಿಕ್ಕ ರೋಲರ್ ಬಂತು. ಅದನ್ನು ನಡೆಸುವವನು ಮರದ ಗೂಟಗಳಿಗೆ ಸುಣ್ಣದಲ್ಲಿ ಗೆರೆ ಎಳೆದು ನೆಟ್ಟ. ಸಣ್ಣ ಯಂತ್ರದಲ್ಲಿ 15 ಸೆಂಟಿಮೀಟರನ್ನು ಒಂದೇ ಸಲ ಒತ್ತಿದರೆ ಮೇಲೆ ಗಟ್ಟಿ, ಕೆಳಗೆ ಸಡಿಲ. ಹಾಗಾಗಿ ಎರಡು ಪದರ ಮಾಡಬೇಕು ಎಂದ. ನಾನು ಟೇಪು ಹಿಡಿದು ನೋಡಿದರೆ ಅವನ ಗೆರೆ 10 ಸೆಂಟಿಮೀಟರಿನಲ್ಲಿತ್ತು.

“ಏಳೂವರೆ ಅಲ್ಲವೇ?” ಎಂದೆ.

“10 ಹಾಕಿದರೆ ಉರುಳಿಸಿದ ಮೇಲೆ ಏಳೂವರೆ ಆಗುತ್ತದೆ ಮಾರಾಯರೇ” ಎಂದ.

ಸರಿ ಎಂದು ತಲೆಯಾಡಿಸಿ ಚಹಾ ತರಲು ಒಳಗೆ ಹೋದೆ. ನನಗೆ ಬೇಕಾಗಿದ್ದ ಲೆಕ್ಕ ಪೂರ್ತಿಯಾಗಿ ಆ ಒಂದು ವಾಕ್ಯದಲ್ಲಿತ್ತು, ಮತ್ತು ಮೂರನೆಯ ಟಿಪ್ಪರ್ ಆಗಿನ್ನೂ ಹೊರಟಿರಲಿಲ್ಲ.

ಮೊದಲ ಪದರಕ್ಕೆ ಎರಡು ಲೋಡು ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಎರಡನೆಯ ಪದರವನ್ನು ಮನೆಯ ಮೆಟ್ಟಿಲಿನಿಂದ ಗೇಟಿನ ಕಡೆ ಹಾಸುತ್ತ ಬಂದರು. ಮಧ್ಯಾಹ್ನ ಮೂರರ ಹೊತ್ತಿಗೆ ಹಾರೆಯ ಸದ್ದು ನಿಂತಿತು. ಹೊರಗೆ ಬಂದು ನೋಡಿದರೆ ಮನೆಯಿಂದ 14 ಮೀಟರ್ ದೂರದ ಹಲಸಿನ ಮರದ ಬುಡದಲ್ಲಿ ಪದರ ಕತ್ತರಿಸಿದ ಹಾಗೆ ಮುಗಿದಿತ್ತು. ರಾಶಿ ಇದ್ದ ಜಾಗದಲ್ಲಿ ಕಲ್ಲುಪುಡಿಯ ಬಿಳಿ ಗುರುತು ಮಾತ್ರ. ಟಿಪ್ಪರಿನವನು ಮೋಸ ಮಾಡಿದ ಎಂಬುದೇ ನನ್ನ ಮೊದಲ ಯೋಚನೆ, ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಸಂಜೆ ಪಕ್ಕದ ಮನೆಯ ರಾಯರು ಬಂದರು. ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ದೂರು ಕೇಳಿ ಅವರು ಮಾತನಾಡಲಿಲ್ಲ. ಒಂದು ಬಕೆಟು, ತೆಂಗಿನಕಾಯಿ ತೂಗುವ ಸ್ಪ್ರಿಂಗ್ ತಕ್ಕಡಿ, ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ, ಲೀಟರ್ ಅಳತೆಯ ಪಾತ್ರೆ ತರಿಸಿದರು.

ಮೊದಲು ಸಡಿಲ ಮಿಶ್ರಣ. ಅಂಚಿನಲ್ಲಿ ಇನ್ನೂ ಉರುಳಿಸದೆ ಉಳಿದಿದ್ದುದನ್ನು ಕುಟ್ಟದೆ, ಅಲುಗಾಡಿಸದೆ 15 ಲೀಟರಿನ ಬಕೆಟಿಗೆ ತುಂಬಿ ಅಂಚಿಗೆ ಸಮ ಮಾಡಿದೆವು. ಬಕೆಟಿನ ತೂಕ ಕಳೆದು 24.6 ಕಿಲೋ. ಲೀಟರಿಗೆ 1.64 ಕಿಲೋ, ಅಂದರೆ ಘನ ಮೀಟರಿಗೆ 1.64 ಟನ್.

ಆಮೇಲೆ ಒತ್ತಿದ್ದು. ಹಲಸಿನ ಮರದಿಂದ ಈಚೆಗೆ, ಎರಡೂ ಪದರ ಮುಗಿದ ಕಡೆ, ಉಳಿ ಮತ್ತು ಸುತ್ತಿಗೆಯಿಂದ ಒಂದು ಗೇಣು ಅಗಲ, 10 ಸೆಂಟಿಮೀಟರ್ ಆಳದ ಗುಂಡಿ ತೆಗೆದರು. ತೆಗೆದ ಕಲ್ಲು, ಪುಡಿ ಒಂದು ಚೂರೂ ಹೊರಗೆ ಬೀಳದಂತೆ ಬಕೆಟಿಗೆ ಹಾಕಿ ತೂಗಿದರೆ 6.9 ಕಿಲೋ. ಗುಂಡಿಗೆ ಪ್ಲಾಸ್ಟಿಕ್ ಹಾಳೆಯನ್ನು ಬೆರಳಿನಿಂದ ಒತ್ತಿ ಒತ್ತಿ ಹಾಸಿ, ನೆಲದ ಮಟ್ಟಕ್ಕೆ ಬರುವವರೆಗೆ ನೀರು ಸುರಿದರು. 3.1 ಲೀಟರ್ ಹಿಡಿಯಿತು. ಭಾಗಿಸಿದರೆ ಸುಮಾರು 2.22. ಹಾಳೆ ಮೂಲೆಮೂಲೆಗೂ ಕೂರುವುದಿಲ್ಲವಾದ್ದರಿಂದ ನೀರು ಸ್ವಲ್ಪ ಕಡಿಮೆಯೇ ಹಿಡಿಯುತ್ತದೆ, ಸಾಂದ್ರತೆ ಇದ್ದದ್ದಕ್ಕಿಂತ ತುಸು ಹೆಚ್ಚು ಕಾಣುತ್ತದೆ ಎಂದೂ ರಾಯರು ಸೇರಿಸಿದರು. ರಸ್ತೆ ಕೆಲಸದಲ್ಲಿ ನೀರಿನ ಬದಲು ಅಳೆದ ಒಣ ಮರಳನ್ನು ಸುರಿಯುತ್ತಾರಂತೆ, ಮರಳು ಸಂದಿಗಳಿಗೂ ಇಳಿಯುತ್ತದೆ.

“ಈಗ 2.22ನ್ನು 1.64ರಿಂದ ಭಾಗಿಸು.”

1.35 ಬಂತು. ನೆಲದಲ್ಲಿ ಒಂದು ಘನ ಮೀಟರ್ ಬೇಕಾದರೆ ಟಿಪ್ಪರಿನಲ್ಲಿ 1.35 ಘನ ಮೀಟರ್ ಬರಬೇಕು. ನಾನು ಕೇಳಿದ್ದು ನೆಲದ ಲೆಕ್ಕ, ಅವರು ಕಳಿಸಿದ್ದು ಟಿಪ್ಪರಿನ ಲೆಕ್ಕ. 413 ಘನ ಅಡಿಯ ಜಾಗದಲ್ಲಿ ಬೇಕಾಗಿದ್ದುದು ಸುಮಾರು 559. ಸರಿಯಾಗಿ ನಾಲ್ಕು ಲೋಡು. ನಾನು ಮೋಸ ಎಂದು ಕೂಗಿದ್ದು ಕಲ್ಲುಗಳ ನಡುವಿನ ಗಾಳಿಯನ್ನು. ರೋಲರ್ ಅದನ್ನು ಹೊರಗೆ ಹಾಕಿತ್ತು, ಅಷ್ಟೇ.

ರಾಯರು ಅಷ್ಟಕ್ಕೇ ಬಿಡಲಿಲ್ಲ. ಘನ ಅಡಿಯ ಗೊಡವೆಯೇ ಬೇಡ, ಟನ್ನಿನಲ್ಲಿ ಕೇಳು ಎಂದರು. ವಿಸ್ತೀರ್ಣವನ್ನು ಒತ್ತಿದ ದಪ್ಪದಿಂದ ಗುಣಿಸಿ, ಮತ್ತೆ ಒತ್ತಿದ ಸಾಂದ್ರತೆಯಿಂದ ಗುಣಿಸಿದರೆ ಮುಗಿಯಿತು. 78, 0.15, 2.22: ಸುಮಾರು 26 ಟನ್. ಟಿಪ್ಪರಿನಲ್ಲಿ ಅದು ಉಬ್ಬಿರಲಿ, ತಗ್ಗಿರಲಿ, ತೂಕ ಬದಲಾಗುವುದಿಲ್ಲ. ಮರುದಿನವೇ ಇದಕ್ಕೆ ಸಾಕ್ಷಿ ಸಿಕ್ಕಿತು. ನಾಲ್ಕನೆಯ ಲೋಡು ಬಂದಾಗ ಪೆಟ್ಟಿಗೆಯ ಅಂಚಿನಿಂದ ಎರಡು ಬೆರಳು ಕೆಳಗಿತ್ತು. ಹೊರಡುವಾಗ ತುಂಬಿತ್ತು ಎಂದು ಚಾಲಕ ಆಣೆ ಹಾಕಿದ. ದಾರಿಯುದ್ದಕ್ಕೂ ಕುಲುಕಿ ಕೂತಿದ್ದು ಅದು. ತೂಕದ ಚೀಟಿ ನೋಡಿದರೆ 6,480 ಕಿಲೋ, ಪೂರ್ತಿ ಲೋಡಿನದೇ ತೂಕ. ಹಿಂದಿನ ದಿನವಾಗಿದ್ದರೆ ಆ ಎರಡು ಬೆರಳಿಗಾಗಿ ನಾನು ಜಗಳ ತೆಗೆಯುತ್ತಿದ್ದೆ.

ತೂಕಕ್ಕೂ ಒಂದು ಕಳ್ಳದಾರಿ ಇದೆ, ನೀರು. ಗುಂಡಿಯಿಂದ ತೆಗೆದ ಮಿಶ್ರಣದಲ್ಲಿ ಒಂದು ಕಿಲೋವನ್ನು ಹಳೆಯ ಕಾವಲಿಯ ಮೇಲೆ ಹಾಕಿ, ಹಬೆ ನಿಲ್ಲುವವರೆಗೆ ಹುರಿದೆ. ಅಮ್ಮ ಇದನ್ನು ಯಾವ ಪಾಯಸಕ್ಕೆ ಎಂದು ಕೇಳಿದರು. 955 ಗ್ರಾಂ ಉಳಿಯಿತು, ಅಂದರೆ ನೂರಕ್ಕೆ ನಾಲ್ಕೂವರೆ ಪಾಲು ನೀರು. ವೆಟ್ ಮಿಕ್ಸಿಗೆ ಅಷ್ಟು ನೀರು ಬೇಕು, ಇಲ್ಲದಿದ್ದರೆ ಅದು ಒತ್ತಿಕೊಳ್ಳುವುದಿಲ್ಲ. ಹಾಗಾಗಿ ಅದಕ್ಕೆ ತಕರಾರಿಲ್ಲ. ಆದರೆ ಬಯಲಿನಲ್ಲಿಟ್ಟ ರಾಶಿಯ ಮೇಲೆ ಮೇ ತಿಂಗಳ ಒಂದು ಸಂಜೆ ಮಳೆ ಸುರಿದು, ಬೆಳಿಗ್ಗೆ ಅದನ್ನೇ ತೂಗಿ ಕಳಿಸಿದರೆ, 26 ಟನ್ನಿನಲ್ಲಿ ಕಲ್ಲು ಕಡಿಮೆ, ನೀರು ಹೆಚ್ಚು. ಇನ್ನೂ ನೂರಕ್ಕೆ ನಾಲ್ಕು ಪಾಲು ನೀರು ಏರಿದರೂ ಒಂದು ಟನ್ ಕಲ್ಲು ಮಾಯ. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ನಿಂತರೆ ಹದ, ಬೆರಳ ಸಂದಿಯಿಂದ ನೀರು ಇಳಿದರೆ ಲೋಡನ್ನು ವಾಪಸು ಕಳಿಸಬೇಕು. ಹೋಲಿಸುವಾಗಲೂ ಎಚ್ಚರ ಬೇಕು. ನಾವು ಬಕೆಟಿನದನ್ನೂ ಗುಂಡಿಯದನ್ನೂ ಹಸಿಯಾಗಿಯೇ ತೂಗಿದ್ದೆವು. ಒಂದನ್ನು ಒಣಗಿಸಿ ಇನ್ನೊಂದನ್ನು ಹಸಿಯಾಗಿ ತೂಗಿದ್ದರೆ 1.35 ಎಂಬುದು ಬರೀ ಸುಳ್ಳಾಗುತ್ತಿತ್ತು. ಈ 1.35 ಕೂಡ ನಮ್ಮ ಮಿಶ್ರಣಕ್ಕೆ, ನಮ್ಮ ರೋಲರಿಗೆ ಮಾತ್ರ. ಪುಡಿ ಇಲ್ಲದ ಬರೀ ಜಲ್ಲಿ ಇಷ್ಟು ಕುಗ್ಗುವುದಿಲ್ಲ.

ಮಾವ ಇದನ್ನೆಲ್ಲ ನೋಡುತ್ತಿದ್ದವರು, ಡಾಂಬರಿಗೂ ಹೀಗೆಯೇ ಇದೆಯೇ ಎಂದು ಕೇಳಿದರು. ಇದೆ. ಐದು ಸೆಂಟಿಮೀಟರ್ ಹಾಸಿದರೆ ಒತ್ತಿದ ಮೇಲೆ ನಾಲ್ಕು ಉಳಿಯುತ್ತದೆ. ನನ್ನ ಏಳು ಟನ್ನಿನ ಲೆಕ್ಕ ತಪ್ಪದೆ ಉಳಿದದ್ದು ಅದನ್ನು ಒತ್ತಿದ ಸಾಂದ್ರತೆ 2.35ರಿಂದ ಮಾಡಿದ್ದರಿಂದ. ಡಾಂಬರಿಗೆ ಸರಿಯಾಗಿ ಮಾಡಿದವನು ಜಲ್ಲಿಗೆ ಮಾತ್ರ ಯಾಕೆ ಹಾಗೆ ಮಾಡಿದೆ ಎಂದರೆ, ಡಾಂಬರನ್ನು ಟನ್ನಿನಲ್ಲಿ ಮಾರುತ್ತಾರೆ, ಜಲ್ಲಿಯನ್ನು ಪೆಟ್ಟಿಗೆಯಲ್ಲಿ. ಅಂಗಡಿಯವರು ಕೇಳಿದ ಭಾಷೆಯಲ್ಲೇ ನನ್ನ ತಲೆ ಓಡಿತ್ತು.

ನಾಲ್ಕನೆಯ ಲೋಡಿಗೆಂದು ರೋಲರಿನ ಬಾಡಿಗೆ ಇನ್ನೊಂದು ದಿನಕ್ಕೆ ಕೊಟ್ಟೆ. ಜಲ್ಲಿಗಿಂತ ಅದೇ ಹೆಚ್ಚು ಉರಿಯಿತು. ಟಿಪ್ಪರಿನವರಿಗೆ ಫೋನು ಮಾಡಿ ಹಿಂದಿನ ದಿನದ ಮಾತಿಗೆ ಕ್ಷಮೆ ಕೇಳಿದೆ. ಅವರಿಗೆ ಅದು ನೆನಪೇ ಇರಲಿಲ್ಲ.

ಹಲಸಿನ ಮರದಿಂದ ಮುಂದೆ ಹಾಸುತ್ತ ಹೋದರು. ಕಾಗದದ ಪ್ರಕಾರ ಗೇಟಿಗೆ ಸರಿಯಾಗಿ ಮುಗಿಯಬೇಕು. ಎಡಗಡೆಯ ತ್ರಿಕೋನದಲ್ಲಿ ಮೂರು ಬುಟ್ಟಿ ಸಾಲದೆ ಬಂತು. ಅಲ್ಲೇ ಸ್ವಲ್ಪ ಹಿಂದೆ ರೋಲರ್ ಹಾದುಹೋದಾಗ ನೆಲ ಮೆತ್ತೆಯಂತೆ ಅಲುಗುತ್ತಿತ್ತು. ಮೊದಲ ಪದರದ ಜಲ್ಲಿ ಕೆಂಪು ಮಣ್ಣಿನೊಳಕ್ಕೆ ಇಳಿದು ಕೂತಿತ್ತು. ರಾಯರು ಮತ್ತೆ ಪೆನ್ಸಿಲ್ ತೆಗೆದರು. ಅಮ್ಮ ಕಟ್ಟೆಯ ಮೇಲೆ ಕೂತು ವೀಳ್ಯದೆಲೆ ಮಡಚುತ್ತಿದ್ದರು.

“ಅಲ್ಲಿ ಹಟ್ಟಿಗೊಬ್ಬರದ ಗುಂಡಿ ಇತ್ತಲ್ಲ” ಎಂದರು. “ನಿನಗೆ ಎರಡು ವರ್ಷ ಇದ್ದಾಗ ಮುಚ್ಚಿಸಿದ್ದು. ನನ್ನನ್ನು ಯಾರು ಕೇಳಿದರು?”