75 ಡಿಗ್ರಿ ಬಂದರೂ ಮಟನ್ ಏಕೆ ಜಗ್ಗುತ್ತದೆ?

«ದಸ್ತ್ ತಂದು ಓವನ್‌ನಲ್ಲಿ 220ಕ್ಕೆ ಒಂದು ಗಂಟೆ ಇಟ್ಟೆ. ಒಳಗೆ 75 ತೋರಿಸಿತು, ಕೆಂಪು ಎಲ್ಲೂ ಇರಲಿಲ್ಲ. ಆದರೂ ತಿನ್ನುವಾಗ ಹಲ್ಲಿಗೆ ಜಗ್ಗುತ್ತಿತ್ತು. ಹಾಗಾದರೆ ಎಷ್ಟು ಉರಿಯಲ್ಲಿ ಇಡಬೇಕು?»

120ರಲ್ಲಿ ಇಡಿ, ಮುಚ್ಚಿ ಇಡಿ, ಒಳಗೆ 90 ದಾಟುವವರೆಗೆ ಹೊರಗೆ ತೆಗೆಯಬೇಡಿ. ದಸ್ತ್ ಅಂದರೆ ಹೆಗಲು ಸಹಿತ ಮುಂಗಾಲು; ಅದಕ್ಕೂ ತೊಡೆಗೂ ನನ್ನ ಉತ್ತರ ಇದೇ. 75 ಎಂದರೆ ಮಾಂಸ ಬೆಂದಿದೆ ನಿಜ, ಆದರೆ ಮೆತ್ತಗಾಗಿಲ್ಲ. ದಸ್ತ್‌ನಂತಹ ತುಂಡನ್ನು ಓವನ್‌ನಿಂದ ತೆಗೆಯಲು ಅದಕ್ಕಿಂತ ಕೆಟ್ಟ ಹಂತ ಇನ್ನೊಂದಿಲ್ಲ.

ದಿನವಿಡೀ ಮೇಯುತ್ತಾ ನಡೆದ ಕುರಿಯ ಹೆಗಲಿನಲ್ಲಿ ಸ್ನಾಯುವಿನ ಎಳೆಗಳ ಜೊತೆಗೆ ಅವುಗಳನ್ನು ಕಟ್ಟಿ ಹಿಡಿಯುವ ಪೊರೆಗಳೂ ನರದಂತಹ ಬಿಳಿ ಪಟ್ಟಿಗಳೂ ತುಂಬಾ ಇರುತ್ತವೆ. ಈ ಪೊರೆ ಮುಖ್ಯವಾಗಿ ಕೊಲ್ಯಾಜೆನ್. ಒಳಗಿನ ಉಷ್ಣತೆ 60 ದಾಟಿದಾಗ ಅದು ಕುಗ್ಗಿ ಮಾಂಸವನ್ನು ಹಿಂಡುತ್ತದೆ, ರಸ ಹೊರಬರುತ್ತದೆ. 65ರಿಂದ 75ರ ನಡುವೆ ಸ್ನಾಯುವಿನ ಎಳೆಗಳೂ ಬಿಗಿದುಕೊಂಡು ಇನ್ನಷ್ಟು ನೀರು ಬಿಡುತ್ತವೆ. ಅದೇ ಕೊಲ್ಯಾಜೆನ್ ಕರಗಿ ಜೆಲಟಿನ್ ಆಗಲು ಶುರುವಾಗುವುದು ಸುಮಾರು 70ರ ನಂತರ, ಅದೂ ಬಹಳ ನಿಧಾನವಾಗಿ. ಅಂದರೆ 75ರಲ್ಲಿ ನಿಮ್ಮ ತಟ್ಟೆಯಲ್ಲಿರುವುದು ರಸ ಕಳೆದುಕೊಂಡ, ಆದರೆ ಕಟ್ಟು ಇನ್ನೂ ಬಿಚ್ಚದ ಮಾಂಸ. ಜೋರು ಉರಿಯಲ್ಲಿ ಅದು 65ರಿಂದ 75ಕ್ಕೆ ನೋಡನೋಡುತ್ತಲೇ ಏರಿಬಿಡುತ್ತದೆ. ಕೊಲ್ಯಾಜೆನ್‌ಗೆ ಬೇಕಾದ ಗಂಟೆಗಟ್ಟಲೆ ಸಮಯ ಸಿಗುವುದೇ ಇಲ್ಲ. ಇನ್ನೂ ಒಂದು ಗಂಟೆ 220ರಲ್ಲೇ ಬಿಟ್ಟರೆ ಮೇಲಿನ ಒಂದು ಬೆರಳಿನಷ್ಟು ಭಾಗ ಒಣಗಿ ಕಟ್ಟಿಗೆಯಾಗುತ್ತದೆ, ಮಸಾಲೆ ಸೀದು ಕಹಿಯಾಗುತ್ತದೆ.

ಕಡಿಮೆ ಉರಿಯಲ್ಲಿ ರಸ ಹೋಗುವುದೇ ಇಲ್ಲ ಎಂದು ಹಲವರು ನಂಬಿದ್ದಾರೆ. ಹೋಗುತ್ತದೆ. ನಿಧಾನವಾಗಿ ಬೆಂದ ದಸ್ತ್ ಕೂಡ ಸಾಕಷ್ಟು ತೂಕ ಕಳೆದುಕೊಳ್ಳುತ್ತದೆ. ಆದರೆ ಕರಗಿದ ಜೆಲಟಿನ್ ಮತ್ತು ಕೊಬ್ಬು ಪ್ರತಿ ಎಳೆಗೂ ಅಂಟಿಕೊಂಡಿರುವುದರಿಂದ ಬಾಯಿಗೆ ಅದು ಒಣಗಿದಂತೆ ತೋರುವುದಿಲ್ಲ. ತಟ್ಟೆಯಲ್ಲಿ ಇಳಿದ ರಸವನ್ನು ಫ್ರಿಜ್‌ನಲ್ಲಿಟ್ಟರೆ ಮಾರನೆಯ ದಿನ ಗಟ್ಟಿಯಾಗಿ ನಡುಗುತ್ತಿರುತ್ತದಲ್ಲ, ಅದೇ ಜೆಲಟಿನ್.

ನಾನು ಮಾಡುವ ರೀತಿ ಹೇಳುತ್ತೇನೆ. ಮೂಳೆ ಸಹಿತ ಒಂದೂವರೆ ಕಿಲೋ ತೂಗುವ ಇಡೀ ದಸ್ತ್. ಕತ್ತರಿಸಬೇಡಿ, ಮೇಲಿನ ದಪ್ಪ ಪೊರೆಯನ್ನಷ್ಟೇ ಸುಲಿದು ಕೊಡಿ ಎಂದು ಕಟುಕರಿಗೆ ಮೊದಲೇ ಹೇಳಬೇಕು. ಕಲಬುರಗಿಯಲ್ಲಿ ಕೇಳದಿದ್ದರೆ ಅದು ಸಾರಿನ ತುಂಡುಗಳಾಗಿಯೇ ಕೈಗೆ ಬರುತ್ತದೆ. ಮೂರು ಚಹಾ ಚಮಚ ಉಪ್ಪು, ಶುಂಠಿ ಬೆಳ್ಳುಳ್ಳಿ, ಖಾರದ ಪುಡಿ, ಗರಂ ಮಸಾಲೆ, ಅರ್ಧ ಬಟ್ಟಲು ಗಟ್ಟಿ ಮೊಸರು ಹಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡುತ್ತೇನೆ. ಪಪ್ಪಾಯಿ ಕಾಯಿ ಹಾಕುವುದಿಲ್ಲ, ನೀವೂ ದಯವಿಟ್ಟು ಹಾಕಬೇಡಿ. ಕೆಂಡದ ಮೇಲೆ ಬೇಗ ಬೇಯುವ ಕಬಾಬಿಗೆ ಅದು ಒಳ್ಳೆಯದು. ಆದರೆ ಪಪ್ಪಾಯಿಯ ಕಿಣ್ವ ಅತ್ಯಂತ ಚುರುಕಾಗಿರುವುದು 60ರಿಂದ 70 ಡಿಗ್ರಿಯಲ್ಲಿ. ನಿಧಾನದ ಓವನ್‌ನಲ್ಲಿ ಮಾಂಸ ಆ ಹಂತದಲ್ಲೇ ಬಹಳ ಹೊತ್ತು ಕಳೆಯುತ್ತದೆ. ಆಗ ಮೇಲ್ಪದರ ಹಿಟ್ಟಿನಂತೆ ಕಲಸಿಹೋಗುತ್ತದೆ, ಒಳಗಿನ ಗಟ್ಟಿತನ ಮಾತ್ರ ಹಾಗೆಯೇ ಉಳಿಯುತ್ತದೆ.

ಫ್ರಿಜ್‌ನಿಂದ ತೆಗೆದ ಮಾಂಸವನ್ನು ನಮ್ಮ ಬೇಸಿಗೆಯಲ್ಲಿ ಹೊರಗೆ ಬಹಳ ಹೊತ್ತು ಬಿಡಬಾರದು. ಓವನ್ ಕಾಯುವಷ್ಟು ಹೊತ್ತು ಸಾಕು. ತಟ್ಟೆಯಲ್ಲಿ ದಪ್ಪಗೆ ಹೆಚ್ಚಿದ ಈರುಳ್ಳಿ ಹರಡಿ, ಅರ್ಧ ಲೋಟ ನೀರು ಹಾಕಿ, ಮೇಲೆ ದಸ್ತ್ ಇಟ್ಟು, ಫಾಯಿಲ್‌ನಿಂದ ಸಂದಿಲ್ಲದಂತೆ ಮುಚ್ಚಿ 120 ಡಿಗ್ರಿಗೆ ಇಡುತ್ತೇನೆ. ಮನೆಯ ಸಣ್ಣ ಓವನ್‌ಗಳ ಗುಂಡಿಯನ್ನು ಪೂರ್ತಿ ನಂಬುವಂತಿಲ್ಲ. ಒಳಗೆ ಜಾಲರಿಗೆ ತೂಗುಹಾಕುವ ಉಷ್ಣಮಾಪಕವೊಂದು ಇದ್ದರೆ ನಿಜ ಏನೆಂದು ತಿಳಿಯುತ್ತದೆ.

ಎಲ್ಲರೂ ತಾಳ್ಮೆ ಕಳೆದುಕೊಳ್ಳುವುದು ನಡುವಿನ ಘಟ್ಟದಲ್ಲಿ. ಒಳಗಿನ ಉಷ್ಣತೆ 60ರವರೆಗೆ ಸಲೀಸಾಗಿ ಏರಿ, 70ರ ಆಸುಪಾಸಿನಲ್ಲಿ ನಿಂತೇ ಬಿಟ್ಟಿತೇನೋ ಎನ್ನಿಸುತ್ತದೆ. ಮಾಂಸದಿಂದ ಆವಿಯಾಗುವ ನೀರು ಬರುವ ಶಾಖವನ್ನೆಲ್ಲ ನುಂಗುತ್ತಿರುತ್ತದೆ. ಫಾಯಿಲ್ ಬಿಗಿಯಾಗಿದ್ದಷ್ಟೂ ಈ ತಡ ಕಡಿಮೆ. ಆಗ ಗಾಬರಿಯಾಗಿ ಉರಿ ಏರಿಸಬೇಡಿ, ಕೊಲ್ಯಾಜೆನ್ ಕರಗುತ್ತಿರುವ ಹೊತ್ತು ಅದು. ಮೂರೂವರೆ ಗಂಟೆಯ ನಂತರ ಒಮ್ಮೆ ಮೂಲೆ ಬಿಚ್ಚಿ, ಅತಿ ದಪ್ಪವಾದ ಜಾಗದಲ್ಲಿ, ಮೂಳೆಗೆ ತಾಗದಂತೆ ಮಾಪಕದ ಸೂಜಿ ಚುಚ್ಚಿ ನೋಡಿ. ಮೂಳೆಗೆ ತಾಗಿದರೆ ಅಂಕಿ ಸುಳ್ಳಾಗುತ್ತದೆ. ಎಳೆಯ ಎರಡು ಹಲ್ಲಿನ ಕುರಿಯಾದರೆ ನಾಲ್ಕು ಗಂಟೆಯ ಹೊತ್ತಿಗೆ 90 ಕಾಣಬಹುದು. ಬಲಿತ ಹೋತವಾದರೆ ಐದೂ ದಾಟೀತು, ಏಕೆಂದರೆ ವಯಸ್ಸಾದಂತೆ ಕೊಲ್ಯಾಜೆನ್ ಹೆಚ್ಚು ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಆದ್ದರಿಂದ ನಾನು 90ರಿಂದ 93ನ್ನು ಪರೀಕ್ಷೆ ಶುರುಮಾಡುವ ಗುರುತೆಂದಷ್ಟೇ ನೋಡುತ್ತೇನೆ. ಕೊನೆಯ ತೀರ್ಪು ಸೂಜಿಯದು: ಬೆಣ್ಣೆಗೆ ಚುಚ್ಚಿದಂತೆ ತಡೆಯಿಲ್ಲದೆ ಇಳಿಯಬೇಕು, ಹೆಗಲಿನ ಚಪ್ಪಟೆ ಮೂಳೆಯನ್ನು ಹಿಡಿದು ತಿರುಗಿಸಿದರೆ ಸಡಿಲವಾಗಿ ಹೊರಳಬೇಕು. ಒಂದು ಕಡೆ ಇಳಿದು ಇನ್ನೊಂದು ಕಡೆ ತಡೆದರೆ ಮತ್ತೆ ಮುಚ್ಚಿ ಅರ್ಧ ಗಂಟೆ ಇಡಿ.

ನಡುವೆ ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಸ್ವಲ್ಪ ಹೊತ್ತಿನ ಕಡಿತವಾದರೆ ಶಾಖ ಒಳಗೇ ನಿಲ್ಲುತ್ತದೆ. ಬೇಗ ಬರುವುದಿಲ್ಲ ಎಂದು ಗೊತ್ತಾದರೆ ಬಿಸಿ ಆರುವ ಮುಂಚೆಯೇ ರಸದ ಸಮೇತ ಕುಕ್ಕರ್‌ಗೆ ಹಾಕಿ ಮುಗಿಸಿ. ಬಿಗಿಯಾಗಿ ಮುಚ್ಚಿದ ಕುಕ್ಕರ್‌ನ ಒಳಗೆ ಸುಮಾರು 120 ಡಿಗ್ರಿಯ ಹಬೆ ಇರುವುದರಿಂದ ಗಂಟೆಗಳ ಕೆಲಸ ನಿಮಿಷಗಳಲ್ಲಿ ಆಗುತ್ತದೆ. ಹುರಿದ ಮೇಲ್ಪದರ ಸಿಗುವುದಿಲ್ಲ, ರುಚಿ ಬೇರೆಯೇ ಆಗುತ್ತದೆ, ಆದರೆ ಮಾಂಸ ಹಾಳಾಗುವುದಿಲ್ಲ.

ಜೋರು ಉರಿಯ ಪಾಳಿ ಬರುವುದು ಎಲ್ಲ ಮೆತ್ತಗಾದ ಮೇಲೆ. ಫಾಯಿಲ್ ತೆಗೆದು, ರಸವನ್ನು ಬೇರೆ ಪಾತ್ರೆಗೆ ಬಸಿದು, ಓವನ್ ಅನ್ನು 220ಕ್ಕೆ ಏರಿಸಿ ಹತ್ತು ಹನ್ನೆರಡು ನಿಮಿಷ ಇಡಿ, ಎದುರಿಗೇ ನಿಂತು ನೋಡುತ್ತಿರಿ. ಮೊಸರಿನ ಮಸಾಲೆ ಕಂದು ಬಣ್ಣದಿಂದ ಕಪ್ಪಿಗೆ ತಿರುಗಲು ಹೆಚ್ಚು ಹೊತ್ತು ಬೇಕಿಲ್ಲ. ಬಸಿದ ರಸದ ಮೇಲಿನ ಕೊಬ್ಬು ತೆಗೆದು, ಅರ್ಧಕ್ಕೆ ಇಂಗಿಸಿದರೆ ಜೋಳದ ರೊಟ್ಟಿಗೆ ಬೇರೆ ಪಲ್ಯ ಬೇಕಾಗುವುದಿಲ್ಲ.

ಬೆನ್ನಿನ ಚಾಂಪ್‌ಗೆ ಮಾತ್ರ ಲೆಕ್ಕ ತಿರುವುಮುರುವು. ಆ ಸ್ನಾಯು ಕಡಿಮೆ ದುಡಿದಿರುತ್ತದೆ, ಕರಗಿಸಬೇಕಾದ ಪೊರೆಯೂ ಕಡಿಮೆ. ಅದನ್ನು ನಾಲ್ಕು ಗಂಟೆ ಇಟ್ಟರೆ ಬರೀ ಒಣಗುತ್ತದೆ. ಆರೇಳು ಮೂಳೆಗಳ ಇಡೀ ಚಾಂಪ್ ಅನ್ನು 230ರಲ್ಲಿ ಇಟ್ಟು, ಒಳಗೆ 60 ಕಂಡೊಡನೆ ತೆಗೆದು ಹತ್ತು ನಿಮಿಷ ಬಿಡಿ. ಹೊರಗಿನ ಶಾಖ ಒಳಗೆ ಸರಿದು ತಾನಾಗಿ ಇನ್ನೂ ನಾಲ್ಕೈದು ಡಿಗ್ರಿ ಏರುತ್ತದೆ. ಇಡೀ ತುಂಡಿಗೆ 63 ತಲುಪಿ ಮೂರು ನಿಮಿಷ ನಿಂತರೆ ಸುರಕ್ಷಿತ. ನಮ್ಮ ಕಡೆ ಗುಲಾಬಿ ಬಣ್ಣ ಕಂಡರೆ ಹಿರಿಯರು ತಟ್ಟೆ ಸರಿಸುತ್ತಾರೆ; ಅವರಿಗೆ ಬಡಿಸುವಾಗ 65ರಲ್ಲಿ ತೆಗೆದು 70ರಲ್ಲಿ ನಿಲ್ಲಿಸುತ್ತೇನೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಖೀಮಾದ ಕಬಾಬಿಗೆ ಈ ರಿಯಾಯಿತಿ ಇಲ್ಲ. ಅರೆಯುವಾಗ ಹೊರಗಿನ ಕ್ರಿಮಿಗಳು ಒಳಗೆಲ್ಲ ಬೆರೆಯುವುದರಿಂದ ಅದರ ನಡುವೆ 71 ಬರಲೇಬೇಕು.