ನಂಬಿಸುವ ಉಸಾಬರಿ ಬೇಡ

"ಹುಷಾರಿಲ್ಲ ಅಂತ ಎರಡು ದಿನ ರಜೆ ಹಾಕಿದ್ದೆ. ಮ್ಯಾನೇಜರ್ ನಂಬ್ತಾನೇ ಇಲ್ಲ. ಅವರು ನಂಬೋ ಹಾಗೆ ಏನಂತ ಬರೀಲಿ?"

ನಂಬೋ ಹಾಗೆ ಬರೆಯಲು ಹೋಗಲೇಬೇಡಿ. ಹಾಗೆ ಹೊರಟವರೆಲ್ಲ ಎಷ್ಟು ಸಲ ವಾಂತಿಯಾಯಿತು, ರಾತ್ರಿ ಹೇಗೆ ನರಳಿದೆ, ಮನೆಯವರು ಎಷ್ಟು ಗಾಬರಿಯಾದರು ಎಂದು ಪುಟ ತುಂಬಿಸುತ್ತಾರೆ. ಅನುಮಾನದಿಂದಲೇ ಓದುವವರಿಗೆ ಅದರ ಒಂದೊಂದು ವಿವರವೂ ಇನ್ನೊಂದು ಪ್ರಶ್ನೆ. ನಿಮ್ಮ ಹೊಟ್ಟೆಯೊಳಗೆ ಏನಾಯಿತು ಎಂಬುದನ್ನು ಅವರು ಪರೀಕ್ಷಿಸಲಾರರು. ಯಾವಾಗ ತಿಳಿಸಿದಿರಿ, ಯಾವ ದಿನ ಬರಲಿಲ್ಲ, ಕೈಯಲ್ಲಿ ಯಾವ ಕಾಗದವಿದೆ, ಇವನ್ನು ಪರೀಕ್ಷಿಸಬಹುದು. ಅಷ್ಟನ್ನೇ ಬರೆಯಿರಿ.

ಮಂಗಳವಾರ, ಬುಧವಾರ ರಜೆ ಎಂದಿಟ್ಟುಕೊಳ್ಳಿ. ಗುರುವಾರ ಮೇಲ್ ಬರುತ್ತದೆ: "ಸೋಮವಾರ ಚೆನ್ನಾಗಿಯೇ ಇದ್ದಿರಿ. ಮಂಗಳವಾರ 11ಕ್ಕೆ ಆನ್‌ಲೈನ್ ಇದ್ದಿರಿ. ಇದು ಹೇಗೆ?" ಇಲ್ಲಿ ದೂರು ಒಂದೇ ಅನ್ನಿಸಿದರೂ ಪ್ರಶ್ನೆ ಎರಡಿದೆ. ಎರಡರಲ್ಲೂ ಅವರು ಕಂಡದ್ದು ನಿಜವೇ. ಅದನ್ನು ಅಲ್ಲಗಳೆದರೆ ಸೋತಿರಿ, ಒಪ್ಪಿಕೊಂಡು ಮುಂದಿನ ಸಂಗತಿ ಹೇಳಿ:

"ಸರ್, ಸೋಮವಾರ ಸಂಜೆಯವರೆಗೆ ಆರೋಗ್ಯವಾಗಿದ್ದೆ. ರಾತ್ರಿ ವಾಂತಿ, ಭೇದಿ ಶುರುವಾಯಿತು. ಮಂಗಳವಾರ ಬೆಳಿಗ್ಗೆ 7:40ಕ್ಕೆ ನಿಮಗೆ ಮೆಸೇಜ್ ಮಾಡಿ ತಿಳಿಸಿದ್ದೆ. 11ರ ಸುಮಾರಿಗೆ ಫೋನಿನಿಂದ ಲಾಗಿನ್ ಆಗಿ, ಅಂದು ಹೋಗಬೇಕಿದ್ದ ವರದಿಯ ಫೈಲ್ ಎಲ್ಲಿದೆ ಎಂದು ಟೀಮಿಗೆ ತಿಳಿಸಿದೆ. ಬೇರೆ ಕೆಲಸ ಮಾಡಿಲ್ಲ. ಬುಧವಾರ ವೈದ್ಯರಿಗೆ ತೋರಿಸಿದೆ. ಅವರು ಕೊಟ್ಟ ಸರ್ಟಿಫಿಕೇಟನ್ನು ಇಂದು ಎಚ್‌ಆರ್‌ಗೆ ಕೊಡುತ್ತೇನೆ. ಬೇರೆ ದಾಖಲೆ ಬೇಕಿದ್ದರೆ ಯಾವುದು, ಎಂದಿನೊಳಗೆ ಎಂದು ತಿಳಿಸಿ."

ಮುಗಿಯಿತು. "ನನ್ನನ್ನು ಸುಳ್ಳುಗಾರ ಅಂತೀರಾ" ಇಲ್ಲ, "ಬೇರೆಯವರು ಹಾಕಿದಾಗ ಕೇಳಲ್ಲ" ಇಲ್ಲ, ಕ್ಷಮೆಯೂ ಇಲ್ಲ. ಕಾಯಿಲೆ ಬಿದ್ದದ್ದಕ್ಕೆ ಕ್ಷಮೆ ಕೇಳಿದರೆ ತಪ್ಪೊಪ್ಪಿಕೊಂಡ ಹಾಗೆಯೇ ಓದಿಸಿಕೊಳ್ಳುತ್ತದೆ. ವಾಂತಿ, ಭೇದಿ ತರುವ ನೊರೋವೈರಸ್ಸಿನಂಥ ಸೋಂಕು ದೇಹ ಹೊಕ್ಕ 12ರಿಂದ 48 ಗಂಟೆಗಳಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡು ಒಂದರಿಂದ ಮೂರು ದಿನಕ್ಕೆ ಇಳಿಯುವುದೇ ಹೆಚ್ಚು, ಸೋಮವಾರ ನಕ್ಕವರು ಮಂಗಳವಾರ ಮಲಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಪಾಠವನ್ನು ಮೇಲ್‌ನಲ್ಲಿ ತುರುಕಬೇಡಿ. ನಿಮಗೆ ಬಂದದ್ದು ಅದೇ ಎಂದು ಪರೀಕ್ಷೆ ಹೇಳಿರದಿದ್ದರೆ ರೋಗದ ಹೆಸರೇ ಬೇಡ, ಲಕ್ಷಣ ಸಾಕು. "ಫುಡ್ ಪಾಯ್ಸನ್" ಎಂದು ನೀವೇ ತೀರ್ಮಾನಿಸಿ ಬರೆದು, ಸರ್ಟಿಫಿಕೇಟಿನಲ್ಲಿ "ವೈರಲ್ ಜ್ವರ" ಎಂದಿದ್ದರೆ ಇಲ್ಲದ ಅನುಮಾನಕ್ಕೆ ನೀವೇ ನೀರೆರೆದ ಹಾಗೆ.

ಸರ್ಟಿಫಿಕೇಟ್ ಕೊಡುವ ಮೊದಲು ಒಮ್ಮೆ ನೀವೇ ಓದಿ. ಹೆಸರು, ತಪಾಸಣೆಯ ದಿನಾಂಕ, ಯಾವತ್ತಿನಿಂದ ಯಾವತ್ತಿನವರೆಗೆ ಕೆಲಸಕ್ಕೆ ಬರುವ ಸ್ಥಿತಿಯಿರಲಿಲ್ಲ ಎಂಬುದು, ವೈದ್ಯರ ಸಹಿ, ನೋಂದಣಿ ಸಂಖ್ಯೆ ನೋಡಿ. ಎಡವುವುದು ಸಾಮಾನ್ಯವಾಗಿ ದಿನಾಂಕದಲ್ಲೇ. ಬುಧವಾರ ನೋಡಿದ ವೈದ್ಯರು ಮಂಗಳವಾರ ತಾವು ನೋಡಿದ್ದಾಗಿ ಬರೆಯುವಂತಿಲ್ಲ. "ಮಂಗಳವಾರದಿಂದ ಲಕ್ಷಣಗಳಿದ್ದವು ಎಂದು ರೋಗಿ ತಿಳಿಸಿದ್ದಾರೆ" ಎಂದು ಬರೆಯಬಹುದು. ಹಿಂದಿನ ತಾರೀಕು ಹಾಕಿಸಿಕೊಳ್ಳುವ ಜಾಣರಿಗೆ ಒಂದು ಮಾತು: ಕ್ಲಿನಿಕ್ಕಿನ ರಸೀದಿಯಲ್ಲಿ ಬುಧವಾರವೇ ಇರುತ್ತದೆ, ಅದು ಸಿಕ್ಕಿಬಿದ್ದರೆ ಸಂಗತಿ ರಜೆಯದಲ್ಲ, ನಕಲಿ ದಾಖಲೆಯದು. ಇನ್ನು ಔಷಧ ಚೀಟಿಯ ಫೋಟೋವನ್ನು ಮ್ಯಾನೇಜರ್ ವಾಟ್ಸಾಪಿಗೆ ಕಳಿಸುವ ಚಾಳಿ ಬಿಡಿ. ಅದರಲ್ಲಿ ನಿಮ್ಮ ಬಿಪಿ ಮಾತ್ರೆಯೂ ಇರಬಹುದು, ನಿದ್ದೆಯ ಮಾತ್ರೆಯೂ ಇರಬಹುದು. ಅವರಿಗೆ ಅದು ಯಾಕೆ?

ಬಾಯಲ್ಲೇ ಕೇಳಿದರೆ ಬಾಯಲ್ಲೇ ಉತ್ತರಿಸಿ, ಆಮೇಲೆ ಅದೇ ದಿನ ಎರಡು ಸಾಲಿನ ಮೇಲ್ ಹಾಕಿ. ಮೇಲ್‌ಗೆ ಉತ್ತರ ಅದೇ ಮೇಲ್‌ನ ಕೆಳಗೇ ಇರಲಿ. ಮೊದಲ ಉತ್ತರಕ್ಕೇ ಎಚ್‌ಆರ್ ಅನ್ನು ಸಿಸಿಯಲ್ಲಿ ಎಳೆದರೆ ಜಗಳಕ್ಕೆ ನಿಂತ ಹಾಗೆ. ಸರ್ಟಿಫಿಕೇಟ್ ಕೊಟ್ಟ ಮೇಲೂ ಅದೇ ಪ್ರಶ್ನೆ ಮರಳಿ ಬಂದರೆ ಆಗ ಸೇರಿಸಿ, ಹೊಸ ವಿವರಣೆ ಕೊಡದೆ "ನನ್ನ ಗುರುವಾರದ ಉತ್ತರ ಕೆಳಗಿದೆ" ಎನ್ನಿ.

ಇಷ್ಟೆಲ್ಲ ಕೇಳುವವರು "ಕಾಯಿಲೆ ಬಿದ್ದ ಬೆಳಿಗ್ಗೆ ಏನು ಬರೀಬೇಕು" ಎಂದು ಯಾಕೋ ಕೇಳುವುದೇ ಇಲ್ಲ. ಗುರುವಾರದ ಆ ಮೇಲ್‌ಗೆ ಆಧಾರ ಮಂಗಳವಾರದ 7:40ರ ಮೆಸೇಜು. "ನಾಟ್ ವೆಲ್" ಎಂದಷ್ಟೇ ಇದ್ದರೆ ಅದು ಯಾವುದಕ್ಕೂ ಆಗುವುದಿಲ್ಲ. ಲಕ್ಷಣ ಒಂದು ಮಾತಲ್ಲಿ, ಇಂದು ಬರುವುದಿಲ್ಲ, ಬಾಕಿ ಕೆಲಸ ಯಾರ ಬಳಿ, ನಾಳೆಯದನ್ನು ಎಷ್ಟು ಗಂಟೆಗೆ ತಿಳಿಸುವಿರಿ: ನಾಲ್ಕೇ ಸಂಗತಿ, ಶಿಫ್ಟ್ ಶುರುವಾಗುವ ಮೊದಲು. ಅದರ ಜೊತೆಗೆ, ಫೋನಿನಲ್ಲಿ ಆಫೀಸಿನ ಆ್ಯಪ್ ಹಸಿರು ಚುಕ್ಕೆ ತೋರಿಸಿದರೂ ಕೆಲಸದಲ್ಲಿದ್ದೀರಿ ಎಂದು ಯಾರೂ ತಿಳಿಯದಂತೆ ಸ್ಟೇಟಸ್ಸಿಗೆ "ಸಿಕ್ ಲೀವ್" ಎಂದು ಹಾಕಿ ಮಲಗಿ.